ಸಿದ್ದಮ್ಮ ಮುಚ್ಚಿಟ್ಟ ಮಾತು

ಪುಟ್ಟರಾಜು ಹೆಂಡತಿಗೆ ಮೊದಲ ಏಟು ಹೊಡೆದಾಗ ಮಟಮಟ ಮಧ್ಯಾಹ್ನ. ಅವನ ತಾಯಿ ಸಿದ್ದಮ್ಮ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಏಟಿನ ಸದ್ದು ಕೇಳಿತು. ಸೊಸೆ ಸೌಮ್ಯಳ ತಲೆ ಬಾಗಿಲ ಚೌಕಟ್ಟಿಗೆ ಬಡಿದದ್ದೂ ಕೇಳಿತು. ಕೈಯಲ್ಲಿದ್ದ ಕೋಲು ನಿಂತಿತು, ಸಿದ್ದಮ್ಮ ಮಾತ್ರ ಏಳಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಸೌಮ್ಯಳ ಕೆಳತುಟಿಯ ಮೇಲೆ ಎದ್ದ ನಾಲ್ಕು ಗುಳ್ಳೆ. ನಾಲ್ಕು ಕಾಳು ಸಾಸಿವೆಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕವು. ಅದಕ್ಕೆ ಮನುಷ್ಯರು ಒಬ್ಬರನ್ನೊಬ್ಬರು ಕಡಿಯುವ ಮಟ್ಟಕ್ಕೆ ಹೋಗುತ್ತಾರೆ ಎಂದರೆ ನಂಬುವುದು ಕಷ್ಟ. ಆದರೆ ಪುಟ್ಟರಾಜುವಿಗೆ ನೆಪ ಎಷ್ಟು ಚಿಕ್ಕದಾದರೂ ಸಾಕಿತ್ತು. ಅನುಮಾನ ಅವನ ಮೈಯಲ್ಲಿ ಮೊದಲೇ ಇತ್ತು.

ಸೌಮ್ಯ ಕುಶಾಲನಗರದ ಹತ್ತಿರ ಕಾಫಿ ಬೀಜ ಒಣಗಿಸಿ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಣದ ಕೆಲಸಕ್ಕೆ ಹೋಗುತ್ತಿದ್ದಳು. ಫೆಬ್ರವರಿಯ ಬಿಸಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಫಿ ಹರವಬೇಕು, ತಿರುವಬೇಕು, ಮತ್ತೆ ಒಟ್ಟಬೇಕು. ಭಾನುವಾರ ಸಂಜೆ ಮನೆಗೆ ಬಂದವಳು, “ಅತ್ತೆ, ತುಟಿ ಯಾಕೋ ಜುಮುಜುಮು ಅಂತೈತೆ, ಉರೀತೈತೆ,” ಎಂದಿದ್ದಳು. ಸಿದ್ದಮ್ಮ ತಟ್ಟನೆ ತಣ್ಣೀರಲ್ಲಿ ಬಟ್ಟೆ ಅದ್ದಿ ಕೊಟ್ಟಳು.

“ಒತ್ತಿಕೋ. ಉಗುರು ತಾಗಿಸ್ಬ್ಯಾಡ. ನಾಳೆ ಗುಳ್ಳೆ ಏಳ್ತವೆ. ಹುಳಿ, ಖಾರ ಬಿಡು. ಮುಟ್ಟಿದ್ರೆ ಕೈ ತೊಳಿ, ಆ ಕೈಲಿ ಕಣ್ಣು ಉಜ್ಜಬ್ಯಾಡ.”

“ನಿಮ್ಗೆ ಹೆಂಗೆ ಗೊತ್ತು ಅತ್ತೆ?”

“ಹಲ್ಲಿ ಉಚ್ಚೆ ಹುಯ್ದಿರ್ತದೆ. ಯಾರೋ ಹೇಳಿದ್ರು,” ಎಂದು ಸಿದ್ದಮ್ಮ ಒಳಗೆ ಹೋಗಿಬಿಟ್ಟಳು.

ಸೋಮವಾರ ಗುಳ್ಳೆಗಳು ಗೊಂಚಲಾಗಿ ಎದ್ದವು. ಬುಧವಾರ ಬೆಳಿಗ್ಗೆ ಒಡೆದು ರಸ ಒಸರತೊಡಗಿತು. ಸೌಮ್ಯ ಅಂದು ರಜೆ ಹಾಕಿ ಮನೆಯಲ್ಲೇ ಉಳಿದಳು. ಪುಟ್ಟರಾಜು ಮಾತ್ರ ತನ್ನ ಪಿಕಪ್‌ನಲ್ಲಿ ಮೂಟೆ ಇಳಿಸಲು ಅದೇ ವರ್ಕ್ಸ್‌ಗೆ ಹೋದ. ಅಲ್ಲಿ ಕಣದ ಲೆಕ್ಕ ನೋಡುವ ರೈಟರ್ ಪ್ರಜ್ಞೇಶ್ ನಿಂತಿದ್ದ. ಅವನ ಕೆಳತುಟಿಯ ಮೇಲೂ ಗುಳ್ಳೆ ಒಡೆದು ಹಕ್ಕಳೆ ಕಟ್ಟಿತ್ತು. ಮೂಟೆ ಹೊರುವವನೊಬ್ಬ ಹಲ್ಲು ಕಿರಿದು, “ಏನ್ ಪುಟ್ಟರಾಜಣ್ಣ, ನಿಮ್ಮನೆಯವ್ರಿಗೂ ಇಂಥದೇ ಆಗಿತ್ತಲ್ಲ? ರೈಟರ್ ಸಾಹೇಬ್ರದ್ದು ಅಂಟಿರ್ಬೇಕು,” ಎಂದ. ಸುತ್ತಲಿದ್ದ ನಾಲ್ಕು ಜನ ನಕ್ಕರು. ಪುಟ್ಟರಾಜು ಇಳಿಸಬೇಕಾದ ಮೂಟೆಗಳನ್ನು ಗಾಡಿಯಲ್ಲೇ ಬಿಟ್ಟು ಮನೆಗೆ ಬಂದ.

“ಹೇಳು, ಆ ರೈಟರ್ ಬಾಯಿ ನಿನ್ನ ಬಾಯಿಗೆ ಹೆಂಗೆ ಬಂತು?”

“ಏನ್ ಮಾತಾಡ್ತೀರ? ಅಲ್ಲಿ ಎಲ್ರೂ ಒಂದೇ ಚೊಂಬಲ್ಲಿ ನೀರು ಕುಡೀತೀವಿ. ಹಂಗೇನಾರ ಆಗಿರ್ಬೋದು.”

ಎರಡನೇ ಏಟು ಅದಕ್ಕೇ ಬಿತ್ತು. “ಕಣದಾಗೆ ಯಾವಳು ಚೊಂಬು ಕಚ್ಚಿ ಕುಡೀತಾಳೆ? ಎಲ್ರೂ ಎತ್ತಿ ಹುಯ್ಕಂಡು ಕುಡಿಯೋದು ನಾ ನೋಡಿಲ್ವ? ನಿನ್ನ ತುಟಿ ಚೊಂಬಿಗೇ ತಾಗಕಿಲ್ಲ. ಇನ್ನೆಲ್ಲಿ ತಾಗ್ತು?”

ಪಾಪ, ಸೌಮ್ಯ ತನಗೆ ತೋಚಿದ ಕಾರಣ ಕೊಟ್ಟಿದ್ದಳು, ಅದೇ ಅವಳಿಗೆ ಉರುಳಾಯಿತು. ಪುಟ್ಟರಾಜು ಜುಟ್ಟು ಹಿಡಿದು ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಗುಳ್ಳೆಯ ಮೇಲೆ ಹೆಬ್ಬೆರಳು ಒತ್ತಿದ. ಸೌಮ್ಯ ಚೀರಿದಳು. ಬಿಡಿಸಿಕೊಳ್ಳಲು ಅವನ ಕೈ ಕಚ್ಚಿದಳು. ಅವನು ಅವಳನ್ನು ಎತ್ತಿ ಎಸೆದ ರಭಸಕ್ಕೆ ಹುಬ್ಬು ಕಲ್ಲಿನ ಮೆಟ್ಟಿಲಿಗೆ ಬಡಿದು ಸೀಳಿತು.

ಒಲೆಯ ಮುಂದೆ ಕೂತ ಸಿದ್ದಮ್ಮನಿಗೆ ಎಲ್ಲ ಗೊತ್ತಿತ್ತು. ಅವಳ ತುಟಿಯ ಮೇಲೂ ಚಿಕ್ಕಂದಿನಿಂದ ವರ್ಷಕ್ಕೊಂದು ಸಲ, ಬಿಸಿಲು ಏರಿದಾಗಲೋ ಜ್ವರ ಬಂದಾಗಲೋ, ಇದೇ ಗುಳ್ಳೆ ಏಳುತ್ತಿತ್ತು. ಅವಳ ತಾಯಿಗೂ ಏಳುತ್ತಿತ್ತು. ಹಾಸನ ಕಡೆಯಿಂದ ಮದುವೆಯಾಗಿ ಹಾರಂಗಿ ಬಯಲಿಗೆ ಬಂದ ಹೊಸದರಲ್ಲಿ ಅತ್ತೆ ಅದನ್ನು ಕಂಡು ಹಾದರದ ರೋಗ ಎಂದು ಕೂಗಾಡಿದ್ದಳು. ಸಿದ್ದಮ್ಮನ ತಟ್ಟೆ ಲೋಟ ಬೇರೆಯಾದವು. ಒಂದು ಬೇಸಿಗೆ ಪೂರ್ತಿ ಅವಳು ಕೊಟ್ಟಿಗೆಯಲ್ಲಿ ಕೂತು ಉಂಡಳು. ಅಂದಿನಿಂದ ಗುಳ್ಳೆ ಎದ್ದರೆ ಸೆರಗು ಬಾಯಿಗೆ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಪುಟ್ಟರಾಜುವಿಗೆ ಎರಡು ವರ್ಷವಾಗಿದ್ದಾಗ ಸಿದ್ದಮ್ಮ ರಸ ಒಸರುವ ತುಟಿಯಲ್ಲೇ ಅವನನ್ನು ಮುದ್ದಿಸಿದ್ದಳು. ವಾರ ಕಳೆಯುವುದರೊಳಗೆ ಮಗುವಿಗೆ ಕೆಂಡದಂಥ ಜ್ವರ, ಊದಿದ ವಸಡು, ಬಾಯಿ ತುಂಬ ಹುಣ್ಣು. ಹತ್ತು ದಿನ ಏನೂ ನುಂಗಲಿಲ್ಲ. ಪಿರಿಯಾಪಟ್ಟಣದ ಡಾಕ್ಟರು ಅವಳ ಹಕ್ಕಳೆ ನೋಡಿ, “ನಿಮ್ಮ ಮುತ್ತಿಂದಲೇ ಬಂದಿರೋದು ಅಮ್ಮ. ಇನ್ನು ಇದು ಅವನ ಮೈಯಲ್ಲೇ ಇರ್ತದೆ,” ಎಂದಿದ್ದರು. ಆ ಮಾತನ್ನು ಅವಳು ಗಂಡನಿಗೂ ಹೇಳಲಿಲ್ಲ. ಈಗ ಒಂದು ಮಾತು ಆಡಿದ್ದರೆ ಮಗನ ಕೈ ನಿಲ್ಲುತ್ತಿತ್ತೋ ಏನೋ. ಆಡಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ಬಂದು, ರಕ್ತ ಸುರಿಯುವ ಸೊಸೆಯನ್ನು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು, ಅಷ್ಟೆ.

ಆಸ್ಪತ್ರೆಯಲ್ಲಿ ಶರ್ಮಿಳಾ ಸಿಸ್ಟರ್ ಹುಬ್ಬಿಗೆ ಐದು ಹೊಲಿಗೆ ಹಾಕುವಾಗ ಡಾಕ್ಟರ ಮುಂದೆಯೇ ಕೇಳಿದರು, “ಬಿದ್ದದ್ದಾ, ಬೀಳಿಸಿದ್ದಾ?” ಸೌಮ್ಯ ಗಂಡನ ಏಟು, ರೈಟರ್ ಮೇಲಿನ ಅವನ ಅನುಮಾನ, ಎಲ್ಲ ಮುಚ್ಚಿಡದೆ ಹೇಳಿದಳು. ಸಿಸ್ಟರ್ ಸಿಟ್ಟಿಗೆ ರಕ್ತದ ಹತ್ತಿಯನ್ನು ಬಕೆಟ್ಟಿಗೆ ಎಸೆದರು.

“ಈ ಗುಳ್ಳೆಗಾ? ನೋಡಮ್ಮ, ಹತ್ತು ಜನರನ್ನ ನಿಲ್ಲಿಸಿದ್ರೆ ಆರೇಳು ಜನರ ಮೈಯಲ್ಲಿ ಈ ವೈರಸ್ ಉಂಟು. ಎಷ್ಟೋ ಜನಕ್ಕೆ ಗುಳ್ಳೆಯೇ ಏಳೂದಿಲ್ಲ, ಗೊತ್ತೂ ಆಗೂದಿಲ್ಲ. ಒಂದು ಸಲ ಬಂದ್ರೆ ನರದಲ್ಲಿ ಮಲಗಿರ್ತದೆ. ಬಿಸಿಲು, ಜ್ವರ, ನಿದ್ದೆಗೇಡು, ಚಿಂತೆ ಅಂದ್ರೆ ಏಳ್ತದೆ. ನಿನಗೆ ಇದು ಮೊದಲನೇ ಸಲವಾ?”

“ಮದ್ವೆ ಆದ ವರ್ಷ ಜೋರಾಗಿ ಬಂದಿತ್ತು. ಈಗ ಮೂರ್ನೇ ಸಲ.”

“ಹಾಗಾದ್ರೆ ರೈಟರಿಗೂ ನಿನಗೂ ಸಂಬಂಧ ಇಲ್ಲ. ಇಬ್ಬರನ್ನೂ ಸುಟ್ಟದ್ದು ಒಂದೇ ಕಣದ ಬಿಸಿಲು. ಏಳರಿಂದ ಹತ್ತು ದಿನಕ್ಕೆ ಮಾಯ್ತದೆ. ಹಕ್ಕಳೆ ಕೀಳಬೇಡ, ವ್ಯಾಸಲೀನ್ ಹಚ್ಚು. ಮುಲಾಮು ಕೊಡ್ತೇನೆ, ಮುಂದೆ ಜುಮ್ ಅಂದ ಕೂಡ್ಲೇ ಹಚ್ಚಿದ್ರೆ ಸ್ವಲ್ಪ ಬೇಗ ಇಳೀತದೆ. ಪೂರ್ತಿ ಮಾಯುವವರೆಗೆ ಯಾರಿಗೂ ಮುತ್ತು ಬೇಡ, ನಿನ್ನ ಲೋಟ ಟವೆಲ್ ಯಾರಿಗೂ ಬೇಡ. ಎಳೇ ಮಕ್ಕಳ ಹತ್ತಿರವಂತೂ ಸುಳಿಯಬೇಡ.” ಸಿಸ್ಟರ್ ಸಿದ್ದಮ್ಮನ ಕಡೆ ತಿರುಗಿದರು. “ಮದುವೆ ಆದ ಮೇಲೆ ಬಂದಿದೆ ಅಂದ್ರೆ ಗಂಡನ ಕಡೆಯಿಂದಲೂ ಬಂದಿರಬಹುದು. ಮನೇಲಿ ಬೇರೆ ಯಾರಿಗಾದ್ರೂ ಬರ್ತದಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಿದ್ದಮ್ಮನ ಕೈ ಬಾಯಿಗೆ ಹೋಯಿತು. “ಇಲ್ಲ,” ಎಂದಳು.

ಅಷ್ಟರಲ್ಲಿ ಸೌಮ್ಯಳ ಫೋನು ಬಡಿದುಕೊಂಡಿತು. ಕಣದಲ್ಲಿ ಜೊತೆಗೆ ಕೆಲಸ ಮಾಡುವ ದಿವ್ಯ ಕಿರುಚುತ್ತಿದ್ದಳು: ಪುಟ್ಟರಾಜು ಮಚ್ಚು ಹಿಡಿದು ಗೇಟು ದಾಟಿ ಬಂದಿದ್ದಾನೆ. ಹೊಲಿಗೆ ಇನ್ನೂ ಮುಗಿದಿರಲಿಲ್ಲ. ಸಿದ್ದಮ್ಮ ಒಬ್ಬಳೇ ಅದೇ ಆಟೋದಲ್ಲಿ ಓಡಿದಳು.

ಕಣದಲ್ಲಿ ಕಾಫಿ ಹರವಿದ್ದರು. ಅದರ ಮೇಲೇ ಪ್ರಜ್ಞೇಶ್ ಹಿಂದೆ ಹಿಂದೆ ಸರಿಯುತ್ತ, “ಅಣ್ಣಾ, ನನಗೆ ಕಾಲೇಜಿಗೆ ಹೋಗುವಾಗಿಂದ ಬರ್ತದೆ, ಅಣ್ಣಾ ಕೇಳಿ,” ಎಂದು ಗೋಗರೆಯುತ್ತಿದ್ದ. ಪುಟ್ಟರಾಜು ಒದ್ದ. ಪ್ರಜ್ಞೇಶ್ ಕಾಫಿಯ ಮೇಲೆ ಜಾರಿ ಬಿದ್ದ. ಸುತ್ತ ಮೂವತ್ತು ಹೆಂಗಸರು ಕೂಗಾಡುತ್ತ ನಿಂತಿದ್ದರು, ಮಚ್ಚಿನ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಸಿದ್ದಮ್ಮ ಓಡಿ ಬಂದು ಐದು ಮಾರು ದೂರದಲ್ಲಿ ನಿಂತಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮೂವತ್ತು ಮುಖಗಳನ್ನು ನೋಡಿದಳು, ಕೊಟ್ಟಿಗೆಯಲ್ಲಿ ಉಂಡ ಬೇಸಿಗೆ ನೆನಪಾಯಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಚ್ಚು ಇಳಿಯಲು ಅಷ್ಟು ಹೊತ್ತೇ ಸಾಕಾಯಿತು. ಪ್ರಜ್ಞೇಶ್ ಅಡ್ಡ ಹಿಡಿದ ಎಡಗೈಯ ಎರಡು ಬೆರಳು ಕಾಫಿಯ ಮೇಲೆ ಬಿದ್ದವು.

“ನಂದು ಕಣೋ!” ಎಂದು ಸಿದ್ದಮ್ಮ ಆಗ ಅರಚಿದಳು. “ನಂದು! ನಾನು ನಿಂಗೆ ಕೊಟ್ಟೆ, ಎರಡು ವರ್ಷದ ಕೂಸಿಗೆ! ನಿನ್ನ ಮೀಸೆ ಅಡೀಲಿ ವರ್ಷ ವರ್ಷ ಏಳ್ತೈತಲ್ಲ, ಬ್ಲೇಡು ತಾಗ್ತು ಅಂತೀಯಲ್ಲ, ಇದೇ ಅದು! ನಿನ್ನಿಂದ ಅವಳಿಗೆ ಬಂದೈತೆ! ಅವಳನ್ನ, ಇವನನ್ನ ಯಾಕಲಾ ಕೊಲ್ತೀಯ?”

“ಸುಳ್ಳು!” ಎಂದು ಪುಟ್ಟರಾಜು ಮತ್ತೆ ಮಚ್ಚೆತ್ತಿದ. ಕಾಫಿ ಎಳೆಯುವ ಉದ್ದ ಹಿಡಿಯ ಹಲಗೆಯೊಂದು ಸಿದ್ದಮ್ಮನ ಕಾಲ ಬಳಿ ಬಿದ್ದಿತ್ತು. ಅದನ್ನೆತ್ತಿಕೊಂಡು ನುಗ್ಗಿ, ಸೌದೆ ಒಡೆಯುವ ಬಲದಲ್ಲಿ, ಮಗನ ಬಾಯಿಗೆ ಬೀಸಿದಳು. ಹಲ್ಲು ಮುರಿದ ಸದ್ದು ಎಲ್ಲರಿಗೂ ಕೇಳಿತು. ಅವನು ಮಂಡಿಯೂರಿದ. ಮತ್ತೊಂದು ಬಿಟ್ಟಳು. ಮಚ್ಚು ಕೈ ತಪ್ಪಿದ ಮೇಲೆ ಮೂಟೆ ಹೊರುವವರು ಬಂದು ಅವನ ಮೇಲೆ ಬಿದ್ದರು, ಬೆಳಿಗ್ಗೆ ನಕ್ಕವರೂ ಅವರಲ್ಲಿದ್ದರು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಮೈಸೂರಿನ ಆಸ್ಪತ್ರೆಯಲ್ಲಿ ಎಷ್ಟು ಪ್ರಯತ್ನಪಟ್ಟರೂ ಪ್ರಜ್ಞೇಶನ ಬೆರಳುಗಳು ಕೂಡಲಿಲ್ಲ. ಪುಟ್ಟರಾಜು ಜೈಲಿಗೆ ಹೋದ. ಪ್ರಜ್ಞೇಶನ ತಾಯಿ ಸಿದ್ದಮ್ಮನ ಅಂಗಳಕ್ಕೆ ಬಂದು ಮಣ್ಣು ತೂರಿ ಶಪಿಸಿ ಹೋದಳು. ಸಿದ್ದಮ್ಮ ಅದನ್ನು ನಿಂತು ಕೇಳಿಸಿಕೊಂಡಳು.

ಮುಂದಿನ ಮಂಗಳವಾರ, ಗುಳ್ಳೆ ಎದ್ದ ಒಂಬತ್ತನೇ ದಿನ, ತವರಿಗೆ ಹೋಗಿದ್ದ ಸೌಮ್ಯ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. ಹಕ್ಕಳೆ ಉದುರಿ ತುಟಿ ತಿಳಿಯಾಗಿತ್ತು, ತೆಳು ಗುಲಾಬಿ ಬಣ್ಣವೊಂದು ಉಳಿದಿತ್ತು. ಹುಬ್ಬಿನ ಗಾಯ ಮಾತ್ರ ಇನ್ನೂ ಊದಿಕೊಂಡಿತ್ತು. ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿದಳು. ಆಮೇಲೆ ಬಂದು ಸಿದ್ದಮ್ಮನ ಎದುರು ನಿಂತಳು.

“ಕಣದಾಗೆ ನೀವು ಹೇಳಿದ್ದನ್ನ ದಿವ್ಯ ನಂಗೆ ಹೇಳಿದ್ಲು. ಮೊದ್ಲನೇ ಏಟು ಬಿದ್ದಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಸಿಸ್ಟರ್ ಕೇಳ್ದಾಗ?”

“ಆಗ್ಲೂ ಗೊತ್ತಿತ್ತು ಕಣವ್ವ.”

ಸೌಮ್ಯ ಕೈ ಬೀಸಿ ಹೊಡೆದಳು. ಸಿದ್ದಮ್ಮ ಗೋಡೆಗೆ ಬಡಿದು, ಕುಸಿಯದೆ ಸಾವರಿಸಿಕೊಂಡಳು. ನೋವಾಗಲಿಲ್ಲ ಎಂದಲ್ಲ, ಕಣ್ಣಲ್ಲಿ ನೀರು ತುಂಬಿತು. ಒಬ್ಬರಾದರೂ ಹೊಡೆದರಲ್ಲ ಎಂದು ಎದೆಯೊಳಗೆ ಒಂದು ಬಗೆಯ ನಿರಾಳವೂ ಆಯಿತು.

“ಇನ್ನೊಂದು ಹೊಡಿ,” ಎಂದಳು.

ಸೌಮ್ಯ ಹೊಡೆಯಲಿಲ್ಲ. “ನಿಮ್ಮ ಮನಸ್ಸು ಹಗುರ ಮಾಡಕ್ಕೆ ನಾ ಬಂದಿಲ್ಲ ಅತ್ತೆ,” ಎಂದು ಚೀಲ ಹೆಗಲಿಗೇರಿಸಿ, ಆಟೋ ನಿಂತಿದ್ದ ಕಡೆ ನಡೆದಳು.