ನೀರು ಕಾಯುವವನ ಸಾಕ್ಷ್ಯ

ಕರೆದದ್ದು ಬರೇ ಬಾಯಿಮಾತಿಗೆ. ಸಂದರ್ಶನ ಮುಗಿಸಿ ಹಂಗಾರಕಟ್ಟೆಯ ಚೆನ್ನಯ್ಯರ ಮನೆಯಿಂದ ಹೊರಡುವಾಗ ಪ್ರಣೀತಾ ಚಪ್ಪಲಿ ಮೆಟ್ಟುತ್ತ, "ಅಜ್ಜಯ್ಯ, ಹನ್ನೆರಡನೇ ತಾರೀಕು ಕುಂದಾಪುರದ ಕಾಲೇಜಲ್ಲಿ ನನ್ ಸೆಮಿನಾರ್ ಇತ್ತ್. ನೀವೂ ಬರ್ಕ್ ಅಕಾ" ಅಂದಿದ್ದಳು. ಈ ಕಡೆಯಲ್ಲಿ ಹೊರಡುವವರು ಹಾಗೆ ಕರೆಯುತ್ತಾರೆ, ಉಳಿದವರು "ಬತ್ತೆ, ಬತ್ತೆ" ಎನ್ನುತ್ತಾರೆ. ಯಾರೂ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಚೆನ್ನಯ್ಯ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಎಂ.ಎ. ತರಗತಿಯ ಕೊನೆಯ ಬೆಂಚಿನಲ್ಲಿ, ಮದುವೆ ಮನೆಗೆ ಬೇಗ ಬಂದುಬಿಟ್ಟವರ ಹಾಗೆ, ಮೊಣಕಾಲು ಜೋಡಿಸಿ ಕೂತಿದ್ದರು.

"ಯಾರಿವರು?" ಎಂದರು ಚಂದ್ರಾವತಿ ಮೇಡಂ. ತೌಲನಿಕ ಧರ್ಮದ ಪತ್ರಿಕೆಯನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದವರು. ವಿದ್ಯಾರ್ಥಿಯ ಮುಖ ನೋಡಿಯೇ ಅಡಿಟಿಪ್ಪಣಿ ಓದಿಲ್ಲವೆಂದು ಹೇಳಬಲ್ಲವರು.

"ನಮ್ಮ ಕಡೆಯವರು, ಮೇಡಂ" ಎಂದಳು ಪ್ರಣೀತಾ. ಇವರೇ ನನ್ನ ಪ್ರಬಂಧದ 'ಮಾಹಿತಿದಾರ ಮೂರು' ಎಂದು ಹೇಳುವಂತಿರಲಿಲ್ಲ. ಹೆಸರು ಹೇಳುವುದಿಲ್ಲವೆಂದು ಬರೆದುಕೊಟ್ಟು ಸಹಿ ಹಾಕಿದ್ದಳು. ಓದದೆ ಇರುವಂತೆಯೂ ಇರಲಿಲ್ಲ. ಇಪ್ಪತ್ತೆರಡು ಪುಟದಲ್ಲಿ ಒಂಬತ್ತು ಪುಟ ಅವರೇ ಇದ್ದರು.

ಅವಳು ಓದಿದಳು.

ಅನುಭಾವದ ಅನುಭವಗಳನ್ನು ಗುರುತಿಸಲು ವಿದ್ವಾಂಸರು ಇಟ್ಟುಕೊಂಡ ಹಳೆಯ ನಾಲ್ಕು ಲಕ್ಷಣಗಳಿವೆ. ಒಂದು, ಅದು ಮಾತಿಗೆ ಸಿಗುವುದಿಲ್ಲ. ಎರಡು, ಅದು ಬರೀ ಭಾವನೆಯಲ್ಲ, ಏನೋ ತಿಳಿಯಿತು ಎಂಬ ಖಚಿತತೆ ಅದರಲ್ಲಿರುತ್ತದೆ. ಮೂರು, ಬಹಳ ಹೊತ್ತು ನಿಲ್ಲುವುದಿಲ್ಲ. ನಾಲ್ಕು, ನಾವು ಮಾಡುವುದಲ್ಲ, ನಮಗೆ ಆಗುವುದು. ಸೂಫಿ 'ನಾನು' ಎಂಬುದೇ ಅಳಿದುಹೋಯಿತು ಎನ್ನುತ್ತಾನೆ; ಕ್ರೈಸ್ತ ಸಂನ್ಯಾಸಿನಿ ದೇವರಲ್ಲಿ ಕರಗಿದೆ ಎನ್ನುತ್ತಾಳೆ; ಅದ್ವೈತಿ ಎರಡನೆಯದೇ ಇಲ್ಲ ಎನ್ನುತ್ತಾನೆ. ಮೇಲಿನ ವ್ಯಾಖ್ಯಾನದ ಸಿಪ್ಪೆ ಸುಲಿದರೆ ಒಳಗಿನ ತಿರುಳು ಎಲ್ಲ ಕಡೆ ಒಂದೇ ಎಂಬುದು ಒಂದು ಪಂಥದ ವಾದ. ಆ ವಾದಕ್ಕೆ ಬೇಕಾದದ್ದು ಸಿಪ್ಪೆಯೇ ಇಲ್ಲದ ಒಂದು ಹಣ್ಣು. ಅದು ತನಗೆ ಸಿಕ್ಕಿದೆ ಎಂದಳು ಪ್ರಣೀತಾ.

"ಮಾಹಿತಿದಾರ ಮೂರು ದೋಣಿ ಕಟ್ಟುವ ಆಚಾರಿ. ಮೂರನೇ ಕ್ಲಾಸು. ಧ್ಯಾನ, ದೀಕ್ಷೆ, ಗುರು ಯಾವುದೂ ಇಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೊಳೆಯ ನೀರು ನೋಡುತ್ತ ನಿಂತಿದ್ದಾಗ ಆದದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ: 'ನೀರ್ ಬೇರೆ, ನಾ ಬೇರೆ ಅಂಬುದ್ ಹೋಯ್ತ್. ಹೊತ್ತ್ ಅಂಬುದೂ ಇರ್ಲಿಲ್ಲೆ. ಖುಷಿ ಅಂದ್ರೆ ಖುಷಿ ಅಲ್ಲ, ಅದ್ಕಿಂತ ಆಚಿ. ಒಂದ್ ಮಾತ್ರ ಗೊತ್ತಾಯ್ತ್: ಎಂತದೂ ಹಾಳಾತಿಲ್ಲೆ. ಯಾರೂ ಸಾಯುದಿಲ್ಲೆ.'"

ತರಗತಿ ಸುಮ್ಮನಾಯಿತು. ಆ ಮೌನಕ್ಕಾಗಿ ಅವಳು ಮೂರು ತಿಂಗಳು ದುಡಿದಿದ್ದಳು.

ಯೋಗೀಶ್ ಕೈ ಎತ್ತಿದ. ಬೈಂದೂರಿನವನು, ಅವಳ ಗೆಳೆಯ, ಆದ್ದರಿಂದಲೇ ಬಿಡುವವನಲ್ಲ. "ಸಿಪ್ಪೆ ಇಲ್ಲದ ಹಣ್ಣು ಅಂದೆಯಲ್ಲ ಮಾರಾಯ್ತಿ, ನಮ್ಮೂರಲ್ಲಿ ತಾಳಮದ್ದಳೆ ಕೇಳದವರು ಯಾರಿದ್ದಾರೆ? ಇಡೀ ರಾತ್ರಿ ಭಾಗವತರ ಹಾಡು, ಅರ್ಥಧಾರಿಗಳ ಬಾಯಲ್ಲಿ ಆತ್ಮಕ್ಕೆ ಸಾವಿಲ್ಲ ಅಂತ ಅರ್ಧ ಗಂಟೆ ಮಾತು. ಆಚಾರಿ ಮೂರಕ್ಕೇ ಶಾಲೆ ಬಿಟ್ಟರೇನು, ಕಿವಿ ತಾಳಮದ್ದಳೆಗೆ ಹೋಗಿತ್ತಲ್ಲ."

ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಚೆನ್ನಯ್ಯರೂ ನಕ್ಕರು.

"ಇನ್ನೊಂದು ಪಂಥದ ವಾದ ಅದೇ ತಾನೇ" ಎಂದು ಯೋಗೀಶ್ ಮುಂದುವರಿಸಿದ. "ಮೊದಲು ಅನುಭವ, ಆಮೇಲೆ ಬಣ್ಣ ಅಂತ ಇಲ್ಲವೇ ಇಲ್ಲ. ಕಲಿತದ್ದು ಅನುಭವವನ್ನು ಮೊದಲೇ ರೂಪಿಸಿರುತ್ತದೆ. ಯಹೂದಿ ಅನುಭಾವಿಗಳಲ್ಲಿ ಹೆಚ್ಚಿನವರು ದೇವರಿಗೆ ಅಂಟಿಕೊಂಡೆ ಅಂತಾರೆ, ದೇವರೇ ಆದೆ ಅನ್ನುವುದಿಲ್ಲ. ಯಾಕೆ? ಮತ್ತೆ, ಇಬ್ಬರು 'ಹೇಳಲಾಗದ್ದು' ಅಂದಮಾತ್ರಕ್ಕೆ ಇಬ್ಬರೂ ಹೇಳಲಾಗದ್ದು ಒಂದೇ ಅಂತ ಹೇಗೆ? ಕೊನೆಗೆ, ಮಧ್ಯಾಹ್ನದ ಬಿಸಿಲು, ಹಸಿದ ಹೊಟ್ಟೆ. ಮೂರ್ಛೆರೋಗದಂಥ ಮಿದುಳಿನ ಒಂದು ಸಣ್ಣ ಸೆಳೆತಕ್ಕೂ ಇಷ್ಟೇ ಲಕ್ಷಣ."

"ಕೊನೆಯದು ವಾದವಲ್ಲ, ಯೋಗೀಶ್" ಎಂದರು ಮೇಡಂ. "ನೀನು ಈಗ ನನ್ನನ್ನು ನೋಡುತ್ತಿರುವುದೂ ಮಿದುಳಿನಿಂದಲೇ. ಅದಕ್ಕೆ ನಾನು ಇಲ್ಲವೆಂದಾಗುತ್ತದಾ? ಹೇಗೆ ಹುಟ್ಟಿತು ಎಂಬುದು ನಿಜವೋ ಸುಳ್ಳೋ ಎಂಬುದನ್ನು ಒಂದೇ ಏಟಿಗೆ ತೀರ್ಮಾನಿಸುವುದಿಲ್ಲ." ಆಮೇಲೆ ಅವಳ ಕಡೆ ತಿರುಗಿದರು. "ಆದರೆ ಪ್ರಣೀತಾ, ನಿನ್ನ ಕೈಯಲ್ಲಿರುವುದು ಅನುಭವವಲ್ಲ, ಮೂವತ್ತೊಂದು ವರ್ಷದ ನಂತರದ ವರದಿ. ಕಂಡದ್ದನ್ನು ನಂಬಬಾರದೆಂಬುದಕ್ಕೆ ಬಲವಾದ ಕಾರಣ ಸಿಗುವವರೆಗೂ ನಂಬಬಹುದು ಎಂಬ ತತ್ತ್ವವನ್ನು ನೀನು ಬಳಸಿದ್ದೀಯ. ಸರಿ. ಅಂಥ ಕಾರಣ ಇದೆಯೇ ಎಂದು ಹುಡುಕಿದೆಯಾ? ಆ ಹೊತ್ತು ಅವರ ಸುತ್ತ ಏನಾಗುತ್ತಿತ್ತು ಎಂದು ಕೇಳಿದೆಯಾ?"

ಕೇಳಿರಲಿಲ್ಲ. ಅಂಥ ಮಾತು ಕೇಳಿದ ಮೇಲೆ ಸುತ್ತಮುತ್ತಲಿನದನ್ನು ಕೇಳುವುದು ಒರಟುತನ ಅನಿಸಿತ್ತು.

"ಅವ್ಳ್ ಕೇಂಡಿಲ್ಲೆ. ನಾನೂ ಹೇಳ್ಲಿಲ್ಲೆ" ಎಂಬ ಧ್ವನಿ ಹಿಂದಿನಿಂದ ಬಂತು. ಚೆನ್ನಯ್ಯ ಎದ್ದು ನಿಂತಿದ್ದರು. "ಆ ಮೂರ್ನೇದವ ನಾನೇ, ಅಮ್ಮಾ. ನಾ ಹೇಳ್ಲಕ್ಕಾ?"

ಯೋಗೀಶನ ಮುಖದಲ್ಲಿ ನಗು ಅರ್ಧದಲ್ಲಿ ಸಿಕ್ಕಿಕೊಂಡಿತ್ತು.

"ಹೊಸ ದೋಣಿ ನೀರಿಗಿಳ್ಸುಕೆ ಹೊಳಿ ಬದಿಗೆ ಮಣ್ಣಿನ ಕಟ್ಟ ಕಟ್ಟಿ, ಒಳ್ಗೆ ದೋಣಿ ಅಡಿ ಕೆಸ್ರ್ ತೆಗಿತ್ರ್. ಭರ್ತದ ನೀರ್, ಕಡ್ಲಿಂದ ಏರಿ ಬಪ್ಪುದ್, ಕಟ್ಟದ ಮೇಲ್ ಬಪ್ಪು ಮುಂಚೆ ಒಬ್ಬ ಕೂಗ್ಕ್. ಕೂಗಿದ್ ಕೂಡ್ಲೆ ಅಡಿಗಿದ್ದವ ಹೊರ್ಗೆ ಬರ್ಕ್. ಆ ದಿನ ಉಳ್ದವ್ರೆಲ್ಲ ಊಟಕ್ಕೆ ಹೋಯಿದ್ರ್. ಅಡಿಗಿದ್ದದ್ದ್ ರತ್ನಾಕರ, ನನ್ ತಂಗಿ ಗಂಡ. ನೀರ್ ಕಾಂಬವ, ಕೂಗ್ಕಾದವ ನಾನು."

ಹೊರಗೆ ಯಾರೋ ಬೈಕು ಸ್ಟಾರ್ಟ್ ಮಾಡಿದರು. ಅದು ದೂರ ಹೋಗುವವರೆಗೆ ಅವರು ಕಾದರು.

"ಇವ್ಳ್ ಓದಿದ್ದೆಲ್ಲ ಆದ್ದ್ ಆಗ್ಳೇ. ನಂಗ್ ಕಣ್ಣ್ ಮುಚ್ಚಿ ತೆಗ್ದಷ್ಟೇ ಹೊತ್ತ್. ಆದ್ರೆ ನೀರ್ ಮುಕ್ಕಾಲ್ ಗಂಟಿಯಷ್ಟ್ ಏರಿತ್ತ್. ಕಟ್ಟ ಒಡ್ದ್, ಕೆಸ್ರ್ ಕುಸ್ದ್, ದೋಣಿ ಮಾಲಿ ಅವ್ನ್ ಮೇಲೆ ಬಿತ್ತ್. ಯಾರೂ ಸಾಯುದಿಲ್ಲೆ ಅಂದ್ ನಂಗ್ ಗೊತ್ತಾಪು ಹೊತ್ತಿಗೇ ಭಾವ ಸಾಯ್ತಿದ್ದ."

ಪ್ರಣೀತಾ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ದಪ್ಪಕ್ಷರದಲ್ಲಿ ಅಚ್ಚಾದ ಆ ಸಾಲು ಅಲ್ಲೇ ಇತ್ತು. ಅದರ ಮುಂದೆ ಅವಳು ಮೂರು ಧರ್ಮಗಳ ಹೋಲಿಕೆ ಕೊಟ್ಟಿದ್ದಳು.

"ತಂಗಿಗೆ ನಾ ನಿದ್ರಿ ಬಂದಿತ್ ಅಂದಿದ್ದೆ. ಅವ್ಳ್ ಕ್ಷಮಿಸಿದ್ಲ್. ಇವತ್ತ್ ಅವ್ಳಿಗೆ ಸತ್ಯ ಹೇಳೂಕಂದೇ ಹೊರಟದ್ದ್. ಅದ್ಕ್ ಮುಂಚೆ ನಿಮ್ಮತ್ರ ಕೇಂತೆ, ಓದಿದವ್ರಲ್ದಾ: ನಾ ಕಂಡದ್ದ್ ಸತ್ಯವೋ, ಸುಳ್ಳೋ? ಸತ್ಯ ಆರೆ ರತ್ನಾಕರ ಸತ್ತಿಲ್ಲೆ. ಸುಳ್ಳಾರೆ, ಒಂದ್ ಸುಳ್ಳಿಗಾಯ್ ಅವ್ನ ಸಾಯುಕ್ ಬಿಟ್ಟೆ."

ಯೋಗೀಶ್ ಬೆಂಚಿನ ಮರವನ್ನು ಉಗುರಿನಿಂದ ಕೆರೆಯುತ್ತಿದ್ದ. "ಅಜ್ಜಯ್ಯ, ಅದು ಕಾಯಿಲೆಯೂ ಆಗಿರ್ಲಕ್ಕ್" ಎಂದ, ಮೊದಲ ಬಾರಿಗೆ ಮೆಲ್ಲಗೆ. "ಕಾಯಿಲೆ ಆರೆ ನಿಮ್ ತಪ್ಪಿಲ್ಲೆ."

"ಡಾಕ್ಟ್ರಿಗೆ ತೋರ್ಸಿದ್ದೆ ಮಗಾ. ಮಣಿಪಾಲಕ್ ಹೋಯಿ. ಎಂತದೂ ಇಲ್ಲೆ ಅಂದ್ರ್."

ಮೇಡಂ ಕನ್ನಡಕ ತೆಗೆದಿಟ್ಟರು. "ಅನುಭವ ಆದವರಿಗೆ ಅದು ಪ್ರಮಾಣವಾಗಬಹುದು. ಆಗದವರು ಒಪ್ಪಲೇಬೇಕು ಅಂತ ಇಲ್ಲ. 'ಯಾರೂ ಸಾಯುವುದಿಲ್ಲ' ಅನ್ನುವುದು ಮೈಯ ಬಗ್ಗೆ ಹೇಳಿದ ಮಾತಾದರೆ ಅದು ಸುಳ್ಳಾಯಿತು. ಬೇರೆ ಯಾವುದರ ಬಗ್ಗೆಯೋ ಆದರೆ, ಪರೀಕ್ಷಿಸುವ ದಾರಿ ನಮ್ಮ ಹತ್ತಿರ ಇಲ್ಲ. ಪರಂಪರೆಗಳು ಫಲವನ್ನು ನೋಡುತ್ತವೆ. ಆಮೇಲೆ ಆ ಮನುಷ್ಯ ಹೇಗೆ ಬದುಕಿದ ಎಂದು. ನಾವು ಸತ್ಯದ ಪ್ರಶ್ನೆಯನ್ನು ಬದಿಗಿಟ್ಟು, ನಿಮಗೆ ಅದು ಹೇಗೆ ಕಂಡಿತು ಎಂದಷ್ಟೇ ಬರೆಯುತ್ತೇವೆ."

"ಬದಿಗಿಟ್ಟ್..." ಎಂದರು ಚೆನ್ನಯ್ಯ. ಆ ಮಾತಿನ ತೂಕ ನೋಡುವವರಂತಿತ್ತು ಧ್ವನಿ. "ಅಡ್ಡಿಲ್ಲೆ ಅಮ್ಮಾ. ನಂಗೆ ಬದಿಗಿಡುಕೆ ಆತಿಲ್ಲೆ." ಕೊಡೆ ತೆಗೆದುಕೊಂಡು ಹೊರನಡೆದರು.

ಪ್ರಣೀತಾ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು ಅವರ ಹಿಂದೆ ಓಡಿದಳು.

ಅವರ ತಂಗಿಯ ಊರು ಬೀಜಾಡಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕೋಟೇಶ್ವರ ದಾಟುವಾಗ ಅವಳು ತಡೆಯಲಾರದೆ ಕೇಳಿದಳು: "ಅಜ್ಜಯ್ಯ, ಆಗ ಭಾವನೂ ನಿಮ್ಮ ಸಂಗ್ತಿಗೆ ಇದ್ದಂಗೆ ಅನ್ಸಿತ್ತಾ? ಎಲ್ಲ ಒಂದೇ ಅಂದ್ರೆ ಅವ್ರೂ ಅದರಲ್ಲಿ ಇದ್ದಿರ್ಕಲ್ದಾ? ಹಾಂಗ್ ಹೇಳಿರೆ ನಿಮ್ ತಂಗಿಗೆ..."

ಬಾಯಿಂದ ಹೊರಟ ಮೇಲೆ ಅದು ಏನೆಂದು ಅವಳಿಗೆ ಗೊತ್ತಾಯಿತು. ವರದಿಗೆ ತಾನೇ ಒಂದು ಸಾಲು ಸೇರಿಸುತ್ತಿದ್ದಳು. ಇಷ್ಟು ಸುಲಭವಾಗಿ ಸೇರುತ್ತದೆ! ಇನ್ನೊಂದು ತಿಂಗಳು ಬಿಟ್ಟರೆ ಅವರಿಗೂ ಅದು ಕಂಡದ್ದೇ ಆಗಿಬಿಡುತ್ತಿತ್ತು.

ಚೆನ್ನಯ್ಯ ಅವಳನ್ನೇ ನೋಡಿ, ಮುಖ ಕಿಟಕಿಯ ಕಡೆ ತಿರುಗಿಸಿದರು.

ತಂಗಿ ಜಲಜ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. "ಹ್ವಾಯ್ ಅಣ್ಣ, ಎಂತ ಇಷ್ಟೊತ್ತಿಗೆ? ಈ ಹೆಣ್ಣ್ ಯಾರ್?" ಎಂದು ನಕ್ಕರು. ಅಣ್ಣ ಮೆಟ್ಟಿಲ ಮೇಲೆ ಕೂತು, ಒಂದು ಸಲವೂ ತಲೆ ಎತ್ತದೆ, ಎಲ್ಲ ಹೇಳಿದರು. ನೀರು, ಖುಷಿ, ಮುಕ್ಕಾಲು ಗಂಟೆ. ನಿದ್ರೆ ಸುಳ್ಳೆಂದರು.

ಬಾಳೆನಾರಿನ ತುದಿ ಜಲಜರ ಬೆರಳಲ್ಲೇ ಉಳಿಯಿತು. ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ, ಯಾರೋ ಒಳಗಿನಿಂದ ಹೊಡೆದಂತೆ, ಬಾಯಿ ತೆರೆಯಿತು.

"ನೀ ಕಂಡದ್ರಲ್ಲಿ ಅವ್ರ್ ಇದ್ರಾ?"

ಪ್ರಣೀತಾ ಮನಸ್ಸಿನಲ್ಲೇ ಬೇಡಿದಳು: ಇದ್ದರು ಎಂದುಬಿಡಿ. ಈಗಲಾದರೂ ಎಂದುಬಿಡಿ.

"ಇಲ್ಲೆ" ಎಂದರು ಚೆನ್ನಯ್ಯ. "ಯಾರೂ ಇರ್ಲಿಲ್ಲೆ. ನಾನೂ ಇರ್ಲಿಲ್ಲೆ."

"ಖುಷಿ ಮಾತ್ರ ಇತ್ತ್."

"ಇತ್ತ್."

"ಮತ್ತೆ ಒಂದ್ ಸಲ ಆರೂ ಬಂದಿತ್ತಾ, ಆ ಖುಷಿ?"

"ಇಲ್ಲೆ, ಜಲಜಾ. ಮೂವತ್ತೊಂದ್ ವರ್ಷ ದಿನಾ ಹೊಳಿ ಬದಿಗ್ ಹೋಯಿ ನಿಂತಿದ್ದೆ. ಬರ್ಲಿಲ್ಲೆ."

ಪ್ರಣೀತಾಳಿಗೆ ಆಗ ಹೊಳೆಯಿತು. ದಿನಾ ಹೋಗಿ ನಿಲ್ಲುತ್ತಿದ್ದರು. ಪಶ್ಚಾತ್ತಾಪಕ್ಕಲ್ಲ. ಅದು ಇನ್ನೊಮ್ಮೆ ಬೇಕೆಂದು. ಅವರ ಸಂದರ್ಶನದ ಆರು ಗಂಟೆಯ ಧ್ವನಿಮುದ್ರಣದಲ್ಲಿ ಈ ಮಾತು ಇರಲಿಲ್ಲ.

ಜಲಜರಿಗೂ ಅದು ಅರ್ಥವಾಗಿತ್ತು. ಅವರು ಎದ್ದು ನಿಂತರು. ಮಡಿಲಲ್ಲಿದ್ದ ಮೊಗ್ಗುಗಳು ನೆಲಕ್ಕೆ ಬಿದ್ದವು; ಯಾರೂ ಹೆಕ್ಕಲಿಲ್ಲ.

"ಬಪ್ಪುಕಾಗ" ಎಂದರು, ಬರಕೂಡದೆಂದು ಶಾಪವಿಡುವಂತೆ. ಧ್ವನಿ ಏರಲಿಲ್ಲ. "ನಿಂಗದ್ ಮತ್ತೆ ಬಪ್ಪುಕಾಗ. ನೀ ಸಾವತನ್ಕ."

ಚೆನ್ನಯ್ಯ ತಲೆ ಎತ್ತಿ ತಂಗಿಯನ್ನು ನೋಡಿದರು. ತರಗತಿಯಲ್ಲಿ ಯಾರೂ ಕೊಡದಿದ್ದ ತೀರ್ಪನ್ನು ಕೊನೆಗೆ ಒಬ್ಬರು ಕೊಟ್ಟರು ಎಂಬಂತೆ, ಮೆಲ್ಲಗೆ ತಲೆಯಾಡಿಸಿದರು.

"ಅಕ್ಕ್, ಹಾಂಗೇ ಆಯ್ಲಿ" ಎಂದರು. ಎದ್ದು ರಸ್ತೆಯ ಕಡೆ ನಡೆದರು.