ಬೀಗದಕೈ ಪಡೆದ ಅಳಿಯ

ಮೆಟ್ಟುಕತ್ತಿಯ ಮೇಲೆ ಕಾಲೂರಿ ಕೂತು ಅಕ್ಷಿತಾ ಬಂಗುಡೆಯ ತಲೆ ತೆಗೆಯುತ್ತಿದ್ದಾಗ ಕಿಟಕಿಯ ದಂಡೆಯ ಮೇಲಿದ್ದ ಮೊಬೈಲು ಸದ್ದು ಮಾಡಿತು. ಎರಡೂ ಕೈ ಮೀನಿನ ನೆತ್ತರು. ಎದ್ದು ಹೋಗಿ ಮೊಣಕೈಯಿಂದ ಒತ್ತಿದಳು. ಬಂಟ್ವಾಳದ ಗೆಳತಿ ಫರ್ಹಾನಳ ಧ್ವನಿ ಅಡುಗೆಮನೆಯಿಡೀ ತುಂಬಿತು.

“ಏ ಅಕ್ಷಿ, ಕಳಿಸಿದ್ಯಾ ಇಲ್ವಾ? ಆ ಇಂಗ್ಲೆಂಡಿನವಳು ಅನುವಾದದ ಕೆಲಸಕ್ಕೆ ಅರ್ಜಿ ತೆಗೊಳ್ಳುದನ್ನು ಇವತ್ತು ಸಂಜೆಗೆ ಕ್ಲೋಸ್ ಮಾಡ್ತಾಳೆ ಅಂತ ಬರೆದದ್ದು ನೀನೇ ನಂಗೆ ತೋರಿಸಿದ್ದಲ್ವಾ? ಎರಡು ದಿನದಲ್ಲಿ ಕೊಡ್ತೇನೆ ಅಂತ ಹಾಕು ಮಾರಾಯ್ತಿ, ಕೆಲಸ ಸಿಕ್ಕಿದ ಮೇಲೆ ನೋಡುವ. ನೀನು ಹೀಗೆ ಕಾವು ಕೂತ್ರೆ ಮೊಟ್ಟೆ ಒಡೆಯುದಲ್ಲ, ಕೊಳೆಯುದು!”

“ಸರಿಯಾಗಿ ಹೇಳಿದ್ಳು ಹುಡುಗಿ,” ಎಂದರು ಮಸಾಲೆಗೆ ಮೆಣಸು ಹುರಿಯುತ್ತಿದ್ದ ತಾಯಿ ಸರಸ. “ಮೊದಲು ಮೀನು ಮುಗಿಸು. ಮಾವ ಊಟಕ್ಕೆ ಬರ್ತಾರೆ.”

ಮಾವ ಬರುವುದು ಊಟಕ್ಕೆ ಮಾತ್ರವಲ್ಲ ಎಂದು ಅಕ್ಷಿತಾಳಿಗೆ ಗೊತ್ತಿತ್ತು. ಸರಸರ ತಮ್ಮ ರಮಾನಾಥ ಶೆಟ್ಟರಿಗೆ ಮೂಡುಬಿದಿರೆಯಲ್ಲಿ ಅಡುಗೆ ಕಾಂಟ್ರಾಕ್ಟು. ಕಾಲೇಜು ಹಾಸ್ಟೆಲುಗಳಿಗೆ ಊಟ ಕಳಿಸುವ ದೊಡ್ಡ ಕೆಲಸ. ಅಕ್ಷಿತಾಳ ಅಣ್ಣ ಮನೀಷ್ ಆಗಲೇ ಅಲ್ಲಿ ಕೆಲಸಕ್ಕಿದ್ದ. ಈಗ ಕೌಂಟರಿನಲ್ಲಿ ಕೂರಲು ಸೊಸೆ ಅಕ್ಷಿತಾಳೂ ಬರಲಿ ಎಂದು ಮಾವನ ಆಸೆ. ಶಾಲೆಯ ಇಂಗ್ಲಿಷ್ ಟೀಚರ್ ಕೆಲಸ ಬಿಟ್ಟು, ಲಾಯಿಲದ ಈ ಮನೆಯಲ್ಲಿ ಕೂತು ಅನುವಾದ ಮಾಡಿ ಬದುಕುತ್ತೇನೆ ಎಂದವಳು ಅವಳು. ಕೆಲಸ ಕೊಡುವವರೂ ಕೇಳುವವರೂ ಸೇರುವ ಇಂಟರ್ನೆಟ್ಟಿನ ಸಂತೆಯಲ್ಲಿ ಹೆಸರು ಬರೆಸಿದ ಮೇಲೆ ಕೆಲಸ ಕೇಳಿ ಕಳಿಸಿದ ಪ್ರೊಪೋಸಲುಗಳಿಗೆಲ್ಲ ಉತ್ತರವೇ ಇರಲಿಲ್ಲ. ಹಿಂದೆ ಕೆಲಸ ಮಾಡಿದ ಗುರುತಿಲ್ಲದವರನ್ನು ಯಾರು ನಂಬುತ್ತಾರೆ? ಒಂದೊಂದು ಪ್ರೊಪೋಸಲಿಗೂ ದುಡ್ಡು ಕೊಟ್ಟು ಕೊಂಡ ಕ್ರೆಡಿಟ್ ಖರ್ಚಾಗುತ್ತದೆ. ಉಳಿದದ್ದು ಇನ್ನೊಂದಕ್ಕೆ ಸಾಲುವಷ್ಟು ಮಾತ್ರ. “ಇದೊಂದು ನೋಡ್ತೇನೆ ಮಾವ, ಆಗದಿದ್ದರೆ ಸೋಮವಾರದಿಂದ ಕೌಂಟರಿಗೆ ಬರ್ತೇನೆ,” ಎಂದು ಮಾತು ಕೊಟ್ಟಾಗಿತ್ತು.

ಕೆಲಸ ಮಾತ್ರ ಅವಳಿಗೆಂದೇ ಬಂದ ಹಾಗಿತ್ತು. ಇಂಗ್ಲೆಂಡಿನಲ್ಲಿರುವ ಹೆಂಗಸೊಬ್ಬಳು ಹಾಕಿದ್ದು. ಅವಳ ಅಜ್ಜ ವೇಣೂರಿನ ಕಡೆಯವರಂತೆ. ತಮ್ಮ ಬದುಕಿನ ಕಥೆಯನ್ನು ಕನ್ನಡದಲ್ಲಿ ಬರೆದು ಟೈಪು ಮಾಡಿಸಿ ಇಟ್ಟಿದ್ದರು, ಹದಿನೈದು ಸಾವಿರ ಪದ. ‘ನಮ್ಮಲ್ಲಿ ಯಾರಿಗೂ ಓದಲು ಬರುವುದಿಲ್ಲ. ಇದರ ಜೊತೆಗಿರುವ ಪುಟದ ಒಂದು ಪ್ಯಾರಾ ಅನುವಾದಿಸಿ ಕಳಿಸಿ, ಹಿಂದಿನ ಕೆಲಸದ ಮಾದರಿ ತೋರಿಸಿ, ಎಷ್ಟು ದಿನ ಬೇಕು ಹೇಳಿ’ ಎಂದು ಬರೆದಿದ್ದಳು.

ಆ ಪ್ಯಾರಾವೇ ಅಕ್ಷಿತಾಳ ನಿದ್ದೆ ಕೆಡಿಸಿದ್ದು.

‘ಅಪ್ಪ ಮನೆಯ ಬೀಗದಕೈಗಳನ್ನು ಅಳಿಯನ ಕೈಗೆ ಕೊಟ್ಟರು. ನಾನು ಅಂಗಳದಲ್ಲಿ ನಿಂತು ನೋಡಿದೆ. ನನಗೆ ಬೇಸರವೆನಿಸಲಿಲ್ಲ. ಸಂಜೆ ನನ್ನ ಮನೆಗೆ ಹೊರಟೆ.’

ಅಳಿಯ ಎಂಬಲ್ಲಿ ಅವಳು ಸನ್-ಇನ್-ಲಾ ಎಂದು ಹಾಕಿದ್ದಳು. ಮನೆಯಲ್ಲಿ ಆಡುವುದು ತುಳು. ಅವಳಿಗೆ ಕನ್ನಡ ಬಂದದ್ದು ಶಾಲೆಯ ಪುಸ್ತಕದಿಂದ, ಪುಸ್ತಕದ ಅಳಿಯನೆಂದರೆ ಮಗಳ ಗಂಡ. ಆದರೆ ಹೆತ್ತ ಮಗನನ್ನು ಬಿಟ್ಟು ಮಗಳ ಗಂಡನಿಗೆ ಬೀಗದಕೈ ಕೊಟ್ಟರೆ ಯಾವ ಮಗನಿಗೆ ಬೇಸರವಾಗದು? ಅಲ್ಲೇ ಹುಟ್ಟಿದವನು ‘ನನ್ನ ಮನೆ’ ಎಂದು ಹೊರಡುವುದಾದರೂ ಎಲ್ಲಿಗೆ? ವಾಕ್ಯ ಕುಂಟುತ್ತಿದೆ ಅನಿಸಿ ಅವಳೇ ಒಂದು ಊರುಗೋಲು ಕೊಟ್ಟಿದ್ದಳು: ‘ಬೇಸರವಿಲ್ಲದವನಂತೆ ನಟಿಸಿದೆ’ ಎಂದು. ‘ಹೊರಟೆ’ ಎಂಬುದನ್ನು ‘ಮನೆ ಬಿಟ್ಟೆ’ ಎಂದು ಮಾಡಿದ್ದಳು. ಓದಲು ಚೆನ್ನಾಗಿಯೇ ಇತ್ತು, ಕಣ್ಣಲ್ಲಿ ನೀರು ಬರುವಷ್ಟು. ಆದರೂ ಕಳಿಸುವ ಗುಂಡಿಯ ಹತ್ತಿರ ಬೆರಳು ಹೋದಾಗಲೆಲ್ಲ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿದ ಹಾಗೆ. ನುಂಗಲೂ ಆಗದು, ಉಗುಳಲೂ ಆಗದು. ಅಷ್ಟರಲ್ಲಿ ಇತರರ ಪ್ರೊಪೋಸಲುಗಳು ಮೇಲಿಂದ ಮೇಲೆ ಬಂದು ಬೀಳುತ್ತಿದ್ದವು.

ಮೀನು ತೊಳೆದು ಮುಗಿಯುವ ಹೊತ್ತಿಗೆ ಅಂಗಳದಲ್ಲಿ ವ್ಯಾನು ನಿಂತಿತು. ಮನೀಷ್ ಟಯರು ನೋಡುತ್ತ ಹೊರಗೇ ಉಳಿದ. ರಮಾನಾಥ ಶೆಟ್ಟರು ಫೋನನ್ನು ತಟ್ಟೆಯ ಹಾಗೆ ಮುಖದ ಮುಂದೆ ಹಿಡಿದುಕೊಂಡೇ ಚಾವಡಿಗೆ ಬಂದರು. ಅವರು ಯಾವತ್ತೂ ಸ್ಪೀಕರಿನಲ್ಲೇ ಮಾತಾಡುವುದು. ಆ ಕಡೆ ಗದಗದಿಂದ ಬಂದ ಹಾಸ್ಟೆಲ್ ವಾರ್ಡನ್.

“ನೀವು ಚಿಂತೆ ಮಾಡ್ಬೇಡಿ ಸ್ವಾಮಿ, ನಾಳೆ ಊಟ ನನ್ನ ಅಳಿಯನೇ ತರ್ತಾನೆ. ಇನ್ನು ಎಲ್ಲ ಅವನದ್ದೇ ಉಸ್ತುವಾರಿ. ಗೋಡೌನಿನ ಕೀಯೂ ಅವನಿಗೇ ಕೊಟ್ಟಾಯ್ತು.”

“ಅಲ್ರೀ ಶೆಟ್ರ, ಮಗಳ ಮದುವಿ ಯಾವಾಗ ಮಾಡಿದ್ರಿ? ಊರ ಮಂದಿಗೆಲ್ಲ ಉಣ್ಣಾಕ ಹಾಕ್ತೀರಿ, ನಮ್ಮನ್ನ ಒಂದ್ ಮಾತು ಕರೀಲಿಲ್ಲಲ್ರೀ!”

“ಎಂತ ಮಗಳು ಮಾರಾಯ್ರೇ! ನನಗೆ ಇರುವುದು ಒಬ್ಬನೇ ಮಗ. ಇವನು ನನ್ನ ಅಕ್ಕನ ಮಗ!”

“ಅಕ್ಕನ ಮಗ ಆದ್ರ ಸೋದರಳಿಯ ಅನ್ರೀ, ಬರೇ ಅಳಿಯ ಹೆಂಗ್ರೀ? ನಿಮಗ ಮಗಳಿಲ್ಲ ಅಂತೀರಿ!”

“ಮಗಳು ಯಾಕೆ? ಅಕ್ಕ ಇದ್ದರೆ ಸಾಕು. ನಮ್ಮಲ್ಲಿ ಅಕ್ಕನ ಮಗನೇ ಅಳಿಯ. ಹಿಂದೆ ಯಜಮಾನಿಕೆಯೂ ಅವನಿಗೇ ಹೋಗ್ತಿತ್ತು. ಮಗ ಅವನ ತಾಯಿಯ ಮನೆಗೆ ಸೇರಿದವನು.”

ಅಕ್ಷಿತಾ ಕೈಯಲ್ಲಿದ್ದ ಬಟ್ಟಲನ್ನು ಹಾಗೇ ಕೆಳಗಿಟ್ಟಳು.

ಮಗ ಅವನ ತಾಯಿಯ ಮನೆಗೆ ಸೇರಿದವನು! ತಾಯಿಯ ಕಡೆಯಿಂದ ಮನೆತನ ನಡೆಯುವ ಈ ಅಳಿಯಸಂತಾನ ಕಟ್ಟಿನ ನೆರಳಲ್ಲೇ ಹುಟ್ಟಿದಾಗಿನಿಂದ ಬೆಳೆದವಳು, ಈಗ ನೋಡಿದರೆ ಅದೇ ಕಾಣಲಿಲ್ಲವಲ್ಲ. ಆ ಅಜ್ಜ ಏನನ್ನೂ ಕಳೆದುಕೊಂಡಿರಲಿಲ್ಲ. ಅಪ್ಪನ ಮನೆಗೆ ನೆಂಟನ ಹಾಗೆ ಹೋಗಿದ್ದರು, ಬೀಗದಕೈ ಸಲ್ಲಬೇಕಾದವನಿಗೆ ಸಂದದ್ದನ್ನು ನೋಡಿದರು, ಸಂಜೆ ತಾಯಿಯ ಮನೆಗೆ ಮರಳಿದರು. ಬೇಸರವಾಗಲಿಲ್ಲ ಎಂದರೆ ಆಗಲಿಲ್ಲ, ಅಷ್ಟೇ. ನಟನೆ ಎಂಬುದು ಅಕ್ಷಿತಾಳದ್ದು. ಕನ್ನಡ ಓದಲಾರದ ಮೊಮ್ಮಕ್ಕಳು ಅದನ್ನೇ ನಂಬಿ, ಮುತ್ತಜ್ಜ ಸ್ವಂತ ಮಗನಿಗೆ ಮೋಸ ಮಾಡಿದನೆಂದು ತಲೆತಲಾಂತರಕ್ಕೂ ಹೇಳಿಕೊಳ್ಳುತ್ತಿದ್ದರು. ತಪ್ಪೆಂದು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

“ಎಲ್ಲಿಗೆ ಓಡ್ತೀಯ? ಉಪ್ಪು ಹಚ್ಚಿ ಆಗಲಿಲ್ಲ!” ಸರಸ ಕೂಗಿದರು.

“ಐದು ನಿಮಿಷ ಅಮ್ಮಾ!”

“ಇವಳ ಐದು ನಿಮಿಷಕ್ಕೆ ಬಂಗುಡೆ ಎದ್ದು ಸಮುದ್ರಕ್ಕೆ ವಾಪಾಸು ಹೋದೀತು,” ಎಂದರು ಮಾವ.

ಲ್ಯಾಪ್‌ಟಾಪಿನ ಮುಂದೆ ಕೂತವಳು ಮೊದಲು ಊರುಗೋಲು ಕಿತ್ತಳು. ‘ನಟಿಸಿದೆ’ ಹೋಯಿತು, ‘ಮನೆ ಬಿಟ್ಟೆ’ ಹೋಯಿತು. ಅಳಿಯನಿಗೆ ನೆಫ್ಯೂ ಎಂದರೂ ಸಾಲದು, ಅಣ್ಣನ ಮಗನೂ ನೆಫ್ಯೂವೇ. ಸಿಸ್ಟರ್ಸ್ ಸನ್ ಎಂದು ಬರೆದಳು. ಆಮೇಲೆ ಪ್ರೊಪೋಸಲಿನ ತಲೆಯಲ್ಲಿದ್ದ ‘ನಾನು ಶ್ರದ್ಧೆಯಿಂದ ದುಡಿಯುವವಳು’ ಎಂಬುದನ್ನು ಅಳಿಸಿದಳು. ಪಟ್ಟಿಯಲ್ಲಿ ಆ ಹೆಂಗಸಿಗೆ ಮೊದಲು ಕಾಣುವುದು ಮೇಲಿನ ಎರಡು ಸಾಲು ಮಾತ್ರ. ಶ್ರದ್ಧೆಯ ಮಾತು ಎಲ್ಲರೂ ಬರೆದಿರುತ್ತಾರೆ. ಅಲ್ಲಿ ಹೀಗೆ ಬರೆದಳು: ‘ನಿಮ್ಮ ಅಜ್ಜನ ಪುಟದಲ್ಲಿರುವ ಅಳಿಯ ಎಂಬ ಪದಕ್ಕೆ ಎರಡು ಅರ್ಥವುಂಟು. ಇಲ್ಲಿ ಅದು ಸೋದರಿಯ ಮಗ ಎಂದು ನನ್ನ ಎಣಿಕೆ. ನಿಮ್ಮ ಅಜ್ಜನಿಗೆ ಅನ್ಯಾಯವಾದ ಕಥೆ ಇದಲ್ಲ.’ ಕಾರಣವನ್ನು ಕೆಳಗೆ ಬಿಡಿಸಿ ಹೇಳಿ, ಉಳಿದ ಪುಟಗಳನ್ನು ಓದಿದ ಮೇಲೆ ಇದನ್ನು ಖಚಿತಪಡಿಸುತ್ತೇನೆ ಎಂದೂ ಸೇರಿಸಿದಳು.

ಮಾದರಿಯೆಂದು ಶಾಲೆಯ ವಾರ್ಷಿಕ ವರದಿಯ ಎರಡು ಪುಟಗಳನ್ನು, ಕನ್ನಡ ಒಂದು ಬದಿ, ಇಂಗ್ಲಿಷ್ ಒಂದು ಬದಿ, ಲಗತ್ತಿಸಿದಳು; ತೋರಿಸಬಹುದೆಂದು ಹೆಡ್‌ಮಿಸ್ ಒಪ್ಪಿದ್ದರು. ವಕೀಲರೊಬ್ಬರಿಗೆ ಮಾಡಿಕೊಟ್ಟ ಕಾಗದಪತ್ರ ಇನ್ನೂ ಚೆನ್ನಾಗಿತ್ತು, ಆದರೆ ಅದು ಬೇರೆಯವರ ಮನೆಯ ಗುಟ್ಟು. ಬಿಟ್ಟಳು.

ಉಳಿದದ್ದು ದಿನದ ಲೆಕ್ಕ. ಎರಡು ದಿನ ಎಂದು ಫರ್ಹಾನ ಹೇಳಿದ್ದಳು. ಎರಡು ದಿನದಲ್ಲಿ ಆದೀತು, ಅನುವಾದ ಮಾಡುವ ಮೆಷೀನಿಗೆ ಹಾಕಿ ತೆಗೆದರೆ. ಆಗ ಅಳಿಯಂದಿರೆಲ್ಲ ಮಗಳ ಗಂಡಂದಿರಾಗುತ್ತಾರೆ. ಹನ್ನೆರಡು ದಿನ ಎಂದು ಹಾಕಿದಳು: ಹತ್ತು ದಿನ ಅನುವಾದ, ಎರಡು ದಿನ ತಿದ್ದುವುದು, ಮೊದಲ ಭಾಗ ಮೂರನೆಯ ದಿನಕ್ಕೇ ನೋಡಲು ಕೊಡುವುದು.

ಮಾವ ಬಾಗಿಲಲ್ಲಿ ಬಂದು ನಿಂತಿದ್ದರು. “ಹಾಗಾದರೆ ಸೋಮವಾರ ಎಂತ?”

“ಹಿಂದೆ ಮಾವನ ಬೀಗದಕೈ ಅಳಿಯನಿಗೆ ಹೋಗ್ತಿತ್ತಲ್ಲ ಮಾವ, ಸೊಸೆಗೆ ಎಂತ ಸಿಗ್ತಿತ್ತು?”

“ಸೊಸೆಗೆ ಬೀಗದಕೈ ಯಾಕೆ? ಮನೆಯೇ ಅವಳದ್ದು,” ಎಂದು ನಕ್ಕರು ಮಾವ. “ಕಳಿಸುವುದಾದರೆ ಕಳಿಸು ಮಾರಾಯ್ತಿ, ಹಸಿವಾಗ್ತದೆ.”

ಅಕ್ಷಿತಾ ಮೇಲಿನ ಎರಡು ಸಾಲನ್ನು ಮತ್ತೊಮ್ಮೆ ಓದಿದಳು. ಯಾವುದೂ ಕುಂಟಲಿಲ್ಲ. ಮೀನಿನ ವಾಸನೆ ಹೋಗದ ಬೆರಳಿನಿಂದ ಗುಂಡಿ ಒತ್ತಿದಳು. ಪ್ರೊಪೋಸಲ್ ಹೋಯಿತು.