ಒಂದು ಪೂರ್ತಿ ನಿಮಿಷ

ನರ್ಸಿಂಗ್ ಕಾಲೇಜಿನಲ್ಲಿ ಹೊಸ ಮಕ್ಕಳಿಗೆ ಮೊದಲ ದಿನದ ಸ್ವಾಗತ ಭಾಷಣ ಮಾಡುವ ಕೆಲಸ ಹನ್ನೊಂದು ವರ್ಷದಿಂದ ನನ್ನ ತಲೆಗೇ ಕಟ್ಟಿದೆ. ನನಗದು ನೀರು ಕುಡಿದಷ್ಟು ಸುಲಭ. ಹಿಂದಿನ ದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಒಮ್ಮೆ ಹೇಳಿಕೊಳ್ಳುತ್ತೇನೆ. ನನ್ನ ಗಂಡ ಪಕ್ಕದ ಕೋಣೆಯಿಂದ, "ಉಗುರಿನ ವಿಷಯ ಬಿಟ್ಟುಬಿಟ್ಟೆ ಕಣೇ" ಎಂದು ಕೂಗುತ್ತಾರೆ. ಅವರಿಗೂ ಬಾಯಿಪಾಠವಾಗಿದೆ.

ನನಗೆ ಕೋಪ ಮೂಗಿನ ತುದಿಯಲ್ಲಿ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಸೆಕೆಂಡ್ ಮುಳ್ಳು' ಎನ್ನುತ್ತಾರೆಂಬುದೂ ಗೊತ್ತು. ಬೇಸರವೇನಿಲ್ಲ. ವಾರ್ಡಿನಲ್ಲಿ ಹತ್ತು ನಿಮಿಷ ತಡವಾದ ಇಂಜೆಕ್ಷನ್ ಹತ್ತು ನಿಮಿಷ ತಡವಾದ ಬಸ್ಸಿನಂತಲ್ಲ ಎಂದು ಯಾರಾದರೂ ಬೈದು ಹೇಳಲೇಬೇಕಲ್ಲ.

ಈ ವರ್ಷ ನಲವತ್ತು ಮಕ್ಕಳು. ಎಂಟು ಗಂಟೆಗೆ ಬಾಗಿಲು ಮುಚ್ಚುತ್ತೇವೆಂದು ಪತ್ರದಲ್ಲೇ ಬರೆದಿದ್ದರಿಂದ ಏಳೂವರೆಗೇ ಬಂದು ಕಾರಿಡಾರಿನ ಗೋಡೆಗೆ ಆತುಕೊಂಡು ನಿಂತಿದ್ದರು. ಕಾರ್ಯಕ್ರಮ ಅಭ್ಯಾಸ ಕೊಠಡಿಯಲ್ಲಿತ್ತು. ಬೊಂಬೆ ರೋಗಿಗಳು ಮಲಗಿದ್ದ ಮಂಚಗಳನ್ನು ಒಂದು ಪಕ್ಕಕ್ಕೆ ಸರಿಸಿ, ಮುಂದೆ ಪ್ರಿನ್ಸಿಪಾಲರಿಗೂ ಅತಿಥಿಗಳಿಗೂ, ಹಿಂದೆ ಮಕ್ಕಳಿಗೂ ಕುರ್ಚಿಗಳನ್ನು ಅರ್ಧ ಚಂದ್ರಾಕಾರದ ಸಾಲುಗಳಲ್ಲಿ ಹಾಕಲಾಗಿತ್ತು. ಹಾಕಿದವರು ಟ್ರಾಲಿ ಅಣ್ಣ.

ಟ್ರಾಲಿ ಅಣ್ಣ ಎಂದರೆ ನಮ್ಮ ಆಸ್ಪತ್ರೆಯ ವಾರ್ಡ್ ಸಹಾಯಕ. ವಯಸ್ಸು ಐವತ್ತೆಂಟು. ಆಪರೇಷನ್‌ಗೆ ಹೋಗುವವರನ್ನೆಲ್ಲ ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗಿ, ದಾರಿಯುದ್ದಕ್ಕೂ ಏನೋ ತಮಾಷೆ ಹೇಳಿ ನಗಿಸುವುದು ಅವರ ಪದ್ಧತಿ. ನಾನು ಹೊಸ ನರ್ಸ್ ಆಗಿದ್ದಾಗಿನಿಂದಲೂ ಪರಿಚಯ. ಊರಿಗೆಲ್ಲ ನಾನು ಮೇಡಂ ಆದರೂ ಅವರಿಗೆ ಇವತ್ತಿಗೂ ಸಿಸ್ಟರೇ. ಪ್ರತಿ ವರ್ಷ ನನ್ನ ಭಾಷಣದ ಮಧ್ಯೆ ಹತ್ತು ನಿಮಿಷ ಅವರೇ ನನ್ನ ರೋಗಿ.

"ಸಿಸ್ಟರೇ, ಒಂದು ಮಾತು ಇತ್ತು" ಎಂದು ಅವತ್ತು ಬೆಳಿಗ್ಗೆ ಬಾಗಿಲಲ್ಲೇ ನಿಲ್ಲಿಸಿದರು.

"ಆಮೇಲೆ ಹೇಳಿ ಅಣ್ಣಾ. ಮೈಕ್ ಕೈ ಕೊಟ್ಟಿದೆ. ಬಂದು ಕುರ್ಚಿ ಮೇಲೆ ಕೂತುಬಿಡಿ" ಎಂದು ನಾನು ಓಡಿದೆ.

ಭಾಷಣ ಎಂದಿನಂತೆಯೇ ಶುರುವಾಯಿತು.

"ನಿಮಗೆ ಸ್ವಾಗತ. ಇಲ್ಲಿಗೆ ಬರೋಕೆ ನಿಮ್ಮ ಮನೆಯವರು ಏನೇನು ಕಷ್ಟಪಟ್ಟಿದಾರೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರುತ್ತೆ, ಅಷ್ಟು ಸಾಕು. ನಾಳೆಯಿಂದ ಉಗುರು ಕತ್ತರಿಸಿರಬೇಕು. ಕೂದಲು ಎತ್ತಿ ಕಟ್ಟಿರಬೇಕು. ಉಂಗುರ, ಬಳೆ ಮನೇಲಿರಲಿ; ಅದರ ಸಂದಿಯಲ್ಲಿ ಕೂರೋ ಕ್ರಿಮಿ ಸೋಪಿಗೆ ಸಿಗಲ್ಲ. ಸೆಕೆಂಡ್ ಮುಳ್ಳಿರೋ ಕೈಗಡಿಯಾರ ಇರಬೇಕು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಡ್ಡಹೆಸರು ಆಗಲೇ ತಲುಪಿದೆ ಎಂದುಕೊಂಡೆ.

"ಕರುಣೆ ಅಂದ್ರೆ ರೋಗಿ ಪಕ್ಕ ಕೂತು ಅಳೋದಲ್ಲ. ಅಳೋಕೆ ಅವರ ಮನೆಯವರಿದಾರೆ. ಅವರು ಬಾಯಿಬಿಟ್ಟು ಹೇಳೋಕೆ ಮುಂಚೆ ನಿಮಗೆ ಕಾಣಬೇಕು, ಅದು ಕರುಣೆ. ಕಂಡಿದ್ದನ್ನ ಕಂಡ ಹಾಗೇ, ಕಂಡ ಹೊತ್ತಿಗೇ ಬರೀಬೇಕು. ಅದು ಶಿಸ್ತು. ಮಾಡದೇ ಇರೋದನ್ನ ಮಾಡಿದೀನಿ ಅಂತ ಚಾರ್ಟಲ್ಲಿ ಬರೆದ್ರೆ ಅದು ಸುಳ್ಳು ಮಾತ್ರ ಅಲ್ಲ, ಮುಂದಿನ ಪಾಳಿಯವರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ."

ಆಮೇಲೆ ಟ್ರಾಲಿ ಅಣ್ಣನನ್ನು ಮಧ್ಯದ ಕುರ್ಚಿಯಲ್ಲಿ ಕೂರಿಸಿದೆ. ಹೊತ್ತು ಹೋಗಲೆಂದು ಎಡಗೈಗೆ ಒಂದು ಪತ್ರಿಕೆ ಕೊಟ್ಟೆ. ಬಲಗೈಯನ್ನು ಹೊಟ್ಟೆಯ ಮೇಲೆ ಅಡ್ಡಲಾಗಿ ಇಡಿಸಿದೆ. ಹಾಗಿಟ್ಟರೆ ಉಸಿರಿನ ಏರಿಳಿತಕ್ಕೆ ಕೈಯೂ ಏಳುತ್ತದೆ, ದೂರದವರಿಗೂ ಕಾಣುತ್ತದೆ.

"ಜ್ವರ ಥರ್ಮಾಮೀಟರ್ ಹೇಳುತ್ತೆ, ರಕ್ತದೊತ್ತಡ ಯಂತ್ರ ಹೇಳುತ್ತೆ. ವಾರ್ಡಲ್ಲಿ ಉಸಿರನ್ನ ಮಾತ್ರ ನಾವೇ ಕೂತು ಎಣಿಸಬೇಕು. ಅದಕ್ಕೇ ಅದರಲ್ಲೇ ಎಲ್ಲರೂ ಕಳ್ಳಾಟ ಆಡೋದು. ಒಳಗೆ ಹೋಗಿ ಹೊರಗೆ ಬಂದ್ರೆ ಒಂದು. ಎಣಿಸ್ತಾ ಇದೀನಿ ಅಂತ ರೋಗಿಗೆ ಹೇಳಬಾರದು, ಹೇಳಿದ್ರೆ ಉಸಿರಾಟವೇ ಬದಲಾಗುತ್ತೆ. ನಾಡಿ ನೋಡೋರ ಥರ ಕೈ ಹಿಡಿದು ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋ ಬುದ್ಧಿವಂತಿಕೆ ಇವತ್ತು ಬೇಡ. ಒಂದು ಪೂರ್ತಿ ನಿಮಿಷ. ಚೀಟಿಯಲ್ಲಿ ಬರೆದು ಕೊಡಿ."

"ನನಗೆ ಹೇಳೋದೇ ಬೇಡ ಬಿಡಿ, ಹನ್ನೊಂದು ವರ್ಷದ ಸರ್ವೀಸು" ಎಂದು ಅಣ್ಣ ಪತ್ರಿಕೆಯ ಹಿಂದಿನಿಂದ ಹೇಳಿದರು. ಎಲ್ಲರೂ ನಕ್ಕರು. ನಾನು ಗಂಟೆ ಬಾರಿಸಿದೆ. ಮಕ್ಕಳು ಅವರನ್ನು ನೋಡಿದರು, ನಾನು ಮಕ್ಕಳನ್ನು ನೋಡಿದೆ. ನಿಮಿಷ ಮುಗಿಯಿತು, ಮತ್ತೆ ಗಂಟೆ ಬಾರಿಸಿದೆ.

ಚೀಟಿಗಳು ಬಂದವು. ಹದಿನಾರು, ಹದಿನೆಂಟು, ಹದಿನಾರು, ಹದಿನೇಳು. ಆರೋಗ್ಯವಂತರ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಎಂದು ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ. ಇವರು ಓದಿಕೊಂಡೇ ಬಂದಿದ್ದಾರೆ. ಇಪ್ಪತ್ತೈದು, ಇಪ್ಪತ್ತಾರು ಎಂದು ಬರೆದವರೂ ಒಂದಿಬ್ಬರಿದ್ದರು. ಮೊದಲ ದಿನದ ಗಾಬರಿ ಎಂದು ಪಕ್ಕಕ್ಕಿಟ್ಟೆ. ಕೊನೆಯ ಚೀಟಿಯಲ್ಲಿ ಹೀಗಿತ್ತು: 'ಇಪ್ಪತ್ತೆಂಟು. ಎರಡು ಸಲ ಕೆಮ್ಮಿದರು. ಭುಜವೂ ಏಳುತ್ತಿದೆ.'

"ಸರಿಯುತ್ತರ ಹದಿನಾರು. ಇಲ್ಲೊಬ್ಬರು ಇಪ್ಪತ್ತೆಂಟು ಬರೆದಿದಾರೆ. ಯಾರಪ್ಪಾ ಅದು? ಅಣ್ಣನ ಜೊತೆಗೆ ನಿಂದೂ ಸೇರಿಸಿ ಎಣಿಸಿದ್ಯಾ?"

ಕೊಠಡಿಯೆಲ್ಲ ನಗು. ಕಡೆಯ ಸಾಲಿನಿಂದ ಒಬ್ಬ ಉದ್ದನೆಯ ಹುಡುಗಿ ಎದ್ದು ನಿಂತಳು. ಕಿವಿಯೆಲ್ಲ ಕೆಂಪಾಗಿತ್ತು.

"ನಾನೇ ಮೇಡಂ. ಪೂರ್ತಿ ನಿಮಿಷ ಎಣಿಸಿದೆ."

"ಇನ್ನೊಂದು ಸಲ ಯೋಚನೆ ಮಾಡಿ ಹೇಳಮ್ಮ."

"ಯೋಚನೆ ಮಾಡಿದ್ರೆ ಹದಿನಾರು ಅಂತಾನೇ ಅನ್ಸುತ್ತೆ ಮೇಡಂ. ಎಣಿಸಿದಾಗ ಇಪ್ಪತ್ತೆಂಟು ಬಂತು." ಅವಳು ಕೂರಲಿಲ್ಲ.

ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡು, "ಮುಂದಕ್ಕೆ ಹೋಗಿ, ಅತಿಥಿಗಳು ಹೊರಡಬೇಕು" ಎಂದು ಪಿಸುಗುಟ್ಟಿದರು. ನನಗೆ ಕೋಪ ನೆತ್ತಿಗೇರಿತ್ತು. ಮೊದಲ ದಿನವೇ ಎದುರುತ್ತರ! ಬಾಯಿ ತೆರೆದವಳು ಅಲ್ಲೇ ಮುಚ್ಚಿದೆ. ಅವಳನ್ನು ಬೈಯಲು ನಾನೇ ಎಣಿಸಿದ ಒಂದು ಸಂಖ್ಯೆ ಬೇಕಿತ್ತು, ಅದು ನನ್ನಲ್ಲಿ ಇರಲಿಲ್ಲ. ಹದಿನಾರು ಎನ್ನುವುದು ನಾನು ಮೊದಲ ವರ್ಷ ಎಣಿಸಿದ್ದು. ಆಮೇಲೆ ಪ್ರತಿ ವರ್ಷ ಅದನ್ನೇ ಗಿಳಿಪಾಠ ಒಪ್ಪಿಸಿದ್ದೆ. ಆ ಒಂದು ನಿಮಿಷ ನನ್ನ ಕಣ್ಣು ಯಾವಾಗಲೂ ಯಾರು ನಗುತ್ತಿದ್ದಾರೆ, ಯಾರು ಪಕ್ಕದವರ ಚೀಟಿ ನೋಡುತ್ತಿದ್ದಾರೆ ಎಂಬುದರ ಮೇಲೇ ಇರುತ್ತಿತ್ತು.

"ಅಣ್ಣಾ, ನಾಡಿ ನೋಡ್ತೀನಿ" ಎಂದು ಅವರ ಮಣಿಕಟ್ಟು ಹಿಡಿದೆ. ಬೆಳಿಗ್ಗೆ ಕುರ್ಚಿ ಹೊತ್ತ ಆಯಾಸವಿರಬಹುದು ಎಂದು ಮನಸ್ಸು ಸಮಾಧಾನ ಹೇಳಿತು. ಆದರೆ ಅವರು ಕೂತು ಹತ್ತು ನಿಮಿಷದ ಮೇಲಾಗಿತ್ತು. ಮೊದಲ ಸಲ ಅವರ ಎದೆಯನ್ನು ನೋಡಿದೆ. ಚಿಕ್ಕ ಚಿಕ್ಕ ಉಸಿರು, ಮೇಲುಮೇಲಿನದು. ಅಂಗಿಯ ಭುಜದ ಹೊಲಿಗೆ ಪ್ರತಿ ಉಸಿರಿಗೂ ಏಳುತ್ತಿತ್ತು. ಕತ್ತಿನ ನರ ಬಿಗಿದಿತ್ತು. ಇಷ್ಟು ಹತ್ತಿರ ನಿಂತು ಮಾತಾಡುತ್ತಿದ್ದವಳಿಗೆ ಇದು ಕಂಡಿರಲಿಲ್ಲ.

ಮೂವತ್ತು. ಪೂರ್ತಿ ನಿಮಿಷ ಎಣಿಸಿದೆ, ಮೂವತ್ತು.

ಕಪಾಟಿನಿಂದ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರ ತಂದೆ. ಕೈ ಬೆಚ್ಚಗಿತ್ತು, ಉಗುರಿಗೆ ಬಣ್ಣವಿರಲಿಲ್ಲ, ಯಂತ್ರ ತಪ್ಪು ಹೇಳಲು ಕಾರಣವಿರಲಿಲ್ಲ. ಎಂಬತ್ತೊಂಬತ್ತು ತೋರಿಸಿತು. ತೊಂಬತ್ತೈದರ ಮೇಲಿರಬೇಕಾದದ್ದು. ನಾಡಿ ನೂರ ಹನ್ನೆರಡು. ಹಣೆ ಮಾತ್ರ ಅಷ್ಟೇನೂ ಬಿಸಿ ಇರಲಿಲ್ಲ.

"ಏನಾದ್ರೂ ಮಾತ್ರೆ ತಗೊಂಡಿದೀರಾ?"

"ಬೆಳಿಗ್ಗೆ ಜ್ವರದ ಮಾತ್ರೆ ಒಂದು. ನಾಲ್ಕು ದಿನದಿಂದ ತಗೋತಾ ಇದೀನಿ. ಸಣ್ಣ ಕೆಮ್ಮು ಸಿಸ್ಟರೇ, ಮಕ್ಕಳ ಮುಂದೆ ಮಾನ ತೆಗೀಬೇಡಿ."

ಅಷ್ಟು ಹೇಳಲು ಅವರು ಉಸಿರಿಗಾಗಿ ಮೂರು ಸಲ ಮಾತು ನಿಲ್ಲಿಸಿದರು. ಬಾಗಿಲ ಬಳಿಯಿದ್ದವರಿಗೆ ಗಾಲಿಕುರ್ಚಿ ತರಲು ಹೇಳಿದೆ. ಇನ್ನೊಬ್ಬರನ್ನು ತುರ್ತು ವಿಭಾಗಕ್ಕೆ ಫೋನ್ ಮಾಡಲು ಕಳಿಸಿದೆ. ಪ್ರಿನ್ಸಿಪಾಲರು ತಾವೇ ಎದ್ದು ಬಂದು ಕಿಟಕಿ ತೆಗೆದರು. ಅಷ್ಟರಲ್ಲಿ ಮಕ್ಕಳ ಕಡೆ ತಿರುಗಿದೆ. ಹೇಳದೆ ಹೋಗುವಂತಿರಲಿಲ್ಲ.

"ಅವಳು ಹೇಳಿದ್ದು ಸರಿ. ನಾನು ಎಣಿಸಿರಲಿಲ್ಲ. ಎಣಿಸದೇ ಇರೋದನ್ನ ಸರಿಯುತ್ತರ ಅಂತ ಹೇಳಿದೆ. ಅವಳನ್ನ ನೋಡಿ ನಗೋ ಹಾಗೂ ಮಾಡಿದೆ. ತಪ್ಪು ನಂದು." ಹುಡುಗಿಗೆ, "ಕೂತ್ಕೋ ಅಮ್ಮಾ" ಎಂದೆ. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು.

ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಆದರೂ ನಲವತ್ತು ಅಪರಿಚಿತ ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳುವುದು ಅಂದುಕೊಂಡಷ್ಟು ಕಷ್ಟವಲ್ಲ.

ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಪೂರ್ತಿ ಬೆಳ್ಳಗಿತ್ತು. ನ್ಯುಮೋನಿಯಾ. ಕೂಡಲೇ ಆಮ್ಲಜನಕ ಹಾಕಿದರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ನರಕ್ಕೆ ಔಷಧಿ ಶುರುಮಾಡಿದರು. "ಇವತ್ತೂ ಮಾತ್ರೆ ನುಂಗಿಕೊಂಡು ಮನೆಗೆ ಹೋಗಿದ್ರೆ ನಾಳೆ ನಮ್ಮ ಕೈಲಿ ಇರ್ತಿರಲಿಲ್ಲ" ಎಂದರು ಡ್ಯೂಟಿ ಡಾಕ್ಟರು. ಚಾರ್ಟಿನಲ್ಲಿ ಮೊದಲ ಸಾಲು ನಾನೇ ಬರೆದೆ: ಸಮಯ, ಉಸಿರು ಮೂವತ್ತು, ನನ್ನ ಸಹಿ. ಹುಡುಗಿಗೆ ಇನ್ನೂ ಸಹಿ ಹಾಕುವ ಅಧಿಕಾರವಿಲ್ಲ. ಹಾಗಾಗಿ ವರದಿ ಮಾಡಿದವರು ಎಂಬಲ್ಲಿ 'ವಿದ್ಯಾರ್ಥಿನಿ, ಮೊದಲ ವರ್ಷ, ಮೊದಲ ದಿನ' ಎಂದು ಬರೆದೆ.

ಸಂಜೆ ಭೇಟಿಯ ಹೊತ್ತಿಗೆ ವಾರ್ಡಿಗೆ ಹೋದೆ. ಅಣ್ಣ ಎತ್ತರಿಸಿದ ಹಾಸಿಗೆಗೆ ಒರಗಿ ಕೂತಿದ್ದರು, ಮೂಗಿಗೆ ನಳಿಕೆ. ಉಸಿರು ಇಪ್ಪತ್ತನಾಲ್ಕಕ್ಕೆ ಇಳಿದಿತ್ತು. ಬಾಗಿಲಲ್ಲೇ ನಿಂತು ಎಣಿಸಿಕೊಂಡೇ ಒಳಗೆ ಹೋದೆ. ಅವರ ಹೆಂಡತಿ ಪಕ್ಕದ ಸ್ಟೂಲಿನಿಂದ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

"ನಾಲ್ಕು ದಿನದಿಂದ ಕೂತೇ ನಿದ್ದೆ ಮಾಡ್ತಿದ್ರಮ್ಮ. ಡಾಕ್ಟರ್ ಹತ್ರ ಹೋಗಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲಿಲ್ಲ. ನಿಮ್ಮ ಕಣ್ಣಿಗೆ ಬಿದ್ರಲ್ಲ, ನನ್ನ ಪುಣ್ಯ."

"ಇವಳಿಗೆ ಅದನ್ನೇ ಹೇಳಿದ್ದೆ ಸಿಸ್ಟರೇ" ಎಂದರು ಅಣ್ಣ. ತಲೆ ಭಾರವಾಗಿದ್ದರಿಂದಲೋ ಏನೋ, ಬೆಳಿಗ್ಗೆ ನಾನು ಮಕ್ಕಳ ಮುಂದೆ ಒಪ್ಪಿಕೊಂಡದ್ದು ಅವರ ಮನಸ್ಸಿಗೆ ಇಳಿದಂತಿರಲಿಲ್ಲ. "ಸೋಮವಾರ ಸಿಸ್ಟರ್ ಮುಂದೆ ಹೇಗೂ ಕೂರಬೇಕಲ್ಲ, ಅವರು ಎಣಿಸ್ತಾರೆ, ಏನಾದ್ರೂ ಇದ್ರೆ ಅವರಿಗೇ ಗೊತ್ತಾಗುತ್ತೆ ಅಂತ. ಬೆಳಿಗ್ಗೆ ಬಾಯಿಬಿಟ್ಟೇ ಹೇಳೋಣ ಅಂತಿದ್ದೆ. ನಿಮಗೆ ಅವಸರ ಇತ್ತು. ಆಮೇಲೆ, ಎಣಿಸಿದ್ರೆ ತಿಳಿದೇ ತಿಳಿಯುತ್ತಲ್ಲ ಅಂತ ಸುಮ್ನೆ ಕೂತೆ. ಪ್ರತಿ ವರ್ಷ ಎಣಿಸಿ ಹದಿನಾರು ಅಂದಾಗ, ಇನ್ನೊಂದು ವರ್ಷಕ್ಕೆ ಗಾಡಿ ಓಡುತ್ತೆ ಬಿಡು ಅಂತ ಮನೆಗೆ ಹೋಗ್ತಿದ್ದೆ."

ಅವರ ಹೆಂಡತಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಇಬ್ಬರೂ ಅಷ್ಟು ಪ್ರೀತಿಯಿಂದ ನೋಡುತ್ತಿದ್ದರು.

"ಎಣಿಸಿದ್ದು ನಾನಲ್ಲ ಅಣ್ಣಾ. ಕಡೇ ಸಾಲಿನ ಆ ಉದ್ದನೆ ಹುಡುಗಿ. ನಾನು ನಿಮ್ಮನ್ನ ನೋಡೇ ಇರಲಿಲ್ಲ."

ಅಣ್ಣ ಮೂಗಿನ ನಳಿಕೆ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ನಳಿಕೆಯಲ್ಲಿ ಗಾಳಿ ಸುಯ್ ಎನ್ನುತ್ತಿತ್ತು.

"ಹೋದ ವರ್ಷ?"

"ಇಲ್ಲ."

"ಅದರ ಹಿಂದಿನ ವರ್ಷ?"

"ಮೊದಲನೇ ವರ್ಷ ಒಂದು ಸಲ ಎಣಿಸಿದ್ದೆ ಅಣ್ಣಾ" ಎಂದೆ. "ಅಷ್ಟೇ."